ಪ್ರಾರ್ಥನಾ ಸಭೆಯ ನಾಲ್ಕು ನಿಮಿಷ

ಫೆಬ್ರವರಿ ಬಂತೆಂದರೆ ನಮ್ಮ ಪ್ರೌಢಶಾಲೆಗಳ ಬೆಳಗಿನ ಪ್ರಾರ್ಥನಾ ಸಭೆಗೆ ಒಂದು ವಿಷಯ ತಾನಾಗಿ ಬಂದು ಸೇರಿಕೊಳ್ಳುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು ಬಂದಿರುತ್ತವೆ, ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ಸೂಚನಾ ಫಲಕವನ್ನು ಸೇರಿರುತ್ತದೆ, ಹತ್ತನೇ ತರಗತಿಯ ಸಾಲಿನಲ್ಲಿ ಮಾತು ಕಡಿಮೆಯಾಗಿರುತ್ತದೆ. ಒಂದು ಬೆಳಿಗ್ಗೆ ನಾಡಗೀತೆ ಮುಗಿದ ಮೇಲೆ ಮುಖ್ಯ ಶಿಕ್ಷಕಿ ಮೈಕಿನ ಮುಂದೆ ಬಂದು ಪರೀಕ್ಷೆಯ ಒತ್ತಡದ ಬಗ್ಗೆ ಮಾತಾಡುತ್ತಾರೆ. ಆ ಮಾತಿನ ಹಿಂದೆ ಇರುವ ನಂಬಿಕೆಯನ್ನು ಮೊದಲು ನ್ಯಾಯವಾಗಿ ಹೇಳಬೇಕು. ಭಯ ಮಕ್ಕಳ ಸಾಮರ್ಥ್ಯವನ್ನು ತಿಂದುಹಾಕುತ್ತದೆ. ಭಯಕ್ಕೆ ಮದ್ದು ಧೈರ್ಯ. ಶಾಲೆಯಲ್ಲಿ ಎಲ್ಲರಿಗಿಂತ ಹಿರಿಯರಾದವರು ಧೈರ್ಯ ಹೇಳಿದರೆ ಅದು ಮಕ್ಕಳ ಮನಸ್ಸಿಗೆ ಇಳಿಯುತ್ತದೆ. ಆದ್ದರಿಂದ ಅವರು ಮನಮುಟ್ಟುವಂತೆ, ಸಾಕಷ್ಟು ಹೊತ್ತು, ಸ್ಫೂರ್ತಿ ತುಂಬುವಂತೆ ಮಾತಾಡಬೇಕು. ಈ ನಂಬಿಕೆಯಲ್ಲಿ ಕಾಳಜಿ ಇದೆ. ತರಗತಿಯಲ್ಲಿ ಪಾಠ ಮುಗಿಸುವ ಅವಸರದಲ್ಲಿರುವ ಶಿಕ್ಷಕರಿಗೆ ಇಂಥ ಮಾತಿಗೆ ಬಿಡುವಿರುವುದಿಲ್ಲ ಎಂಬುದು ನಿಜ. ಮುಖ್ಯ ಶಿಕ್ಷಕಿ ಏನೂ ಹೇಳದೆ ಸುಮ್ಮನಿದ್ದರೆ ಮಕ್ಕಳಿಗೆ ತಮ್ಮ ಸಂಕಟ ಯಾರಿಗೂ ಕಾಣುತ್ತಿಲ್ಲ ಅನ್ನಿಸೀತು ಎಂಬುದೂ ನಿಜ. ಹಾಗಾಗಿ ಆ ಭಾಷಣ ಬೇಡ ಎಂದು ನಾನು ವಾದಿಸುತ್ತಿಲ್ಲ. ಅದರಿಂದ ಆಗದ ಕೆಲಸವೊಂದನ್ನು ಅದರ ಮೇಲೆ ಹೊರಿಸಿದ್ದೇವೆ, ಅದರಿಂದ ಮಾತ್ರ ಆಗಬಹುದಾದ ಕೆಲಸವನ್ನು ಮರೆತಿದ್ದೇವೆ ಎಂಬುದು ನನ್ನ ವಾದ. ಕೆಲಸ ಯಾವುದೆಂದು ಸರಿಯಾಗಿ ಗೊತ್ತಾದರೆ ನಾಲ್ಕು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಮಾತಾಡಿದರೆ ಆ ಕೆಲಸ ಕೆಡುತ್ತದೆ.

ಕಾಲದ ಲೆಕ್ಕದಿಂದ ಶುರು ಮಾಡೋಣ. ನಾಡಗೀತೆಯನ್ನು ಎಷ್ಟು ಹೊತ್ತು ಹಾಡಬೇಕು ಎಂಬುದು ನಮ್ಮಲ್ಲಿ ದೊಡ್ಡ ಚರ್ಚೆಯಾಗಿ, ಕೊನೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡು ಎಂದು ನಿಗದಿ ಮಾಡಿತು. ರಾಷ್ಟ್ರಗೀತೆಗೆ 52 ಸೆಕೆಂಡು. ಪ್ರಾರ್ಥನೆ, ಸಂವಿಧಾನದ ಪೀಠಿಕೆ, ಪತ್ರಿಕೆಯ ಮುಖ್ಯಾಂಶಗಳು, ದಿನದ ಸುಭಾಷಿತ, ಹಾಜರಾತಿಯ ಸೂಚನೆಗಳು ಎಲ್ಲ ಸೇರಿದ ಮೇಲೆ ಉಳಿಯುವುದು ಕೆಲವೇ ನಿಮಿಷ. ಅಷ್ಟು ಹೊತ್ತಿಗೆ ಮಕ್ಕಳು ಬಿಸಿಲಿನಲ್ಲಿ ನಿಂತು ಸಾಕಷ್ಟು ಹೊತ್ತಾಗಿರುತ್ತದೆ. ಕೆಲವರು ಬೆಳಗಿನ ತಿಂಡಿ ಬಿಟ್ಟು ಬಸ್ಸು ಹಿಡಿದು ಬಂದಿರುತ್ತಾರೆ. ಅವರ ಕೈಯಲ್ಲಿ ಪುಸ್ತಕವಿಲ್ಲ, ಬರೆದುಕೊಳ್ಳುವಂತಿಲ್ಲ, ಅರ್ಥವಾಗದಿದ್ದರೆ ಕೈ ಎತ್ತಿ ಕೇಳುವಂತಿಲ್ಲ, ಹಿಂದಿನ ಸಾಲಿಗೆ ಅರ್ಧ ಮಾತು ಗಾಳಿಯಲ್ಲೇ ಹೋಗುತ್ತದೆ. ಹಿಂದಿನ ಸಾಲಿಗೂ ಕೇಳುವಂತೆ ಬಿಡಿಸಿ ಬಿಡಿಸಿ ಮಾತಾಡಿದರೆ ನಾಲ್ಕು ನಿಮಿಷಕ್ಕೆ ಹೆಚ್ಚೆಂದರೆ ಮುನ್ನೂರೈವತ್ತು ಕನ್ನಡ ಪದಗಳು ಹಿಡಿಯುತ್ತವೆ. ಅಷ್ಟರಲ್ಲಿ ವಾದ ಕಟ್ಟಲಾಗುವುದಿಲ್ಲ, ಮನಸ್ಸು ಬದಲಿಸಲಾಗುವುದಿಲ್ಲ. ನಿಂತುಕೊಂಡು ಕೇಳಿಸಿಕೊಂಡವರು ಬರೆದುಕೊಳ್ಳದೆ ನೆನಪಿಟ್ಟುಕೊಳ್ಳಬಹುದಾದ ಎರಡು ಮೂರು ಸಂಗತಿಗಳನ್ನು ಮಾತ್ರ ದಾಟಿಸಬಹುದು. ಹತ್ತು ನಿಮಿಷ ಮಾತಾಡಿದರೂ ದಾಟುವುದು ಅಷ್ಟೇ. ಯಾವ ಮೂರು ದಾಟುತ್ತವೆ ಎಂಬುದು ಮಾತ್ರ ಮಾತಾಡುವವರ ಕೈಮೀರುತ್ತದೆ.

ಈಗ ರೂಢಿಯ ಭಾಷಣವನ್ನೇ ಕೈಗೆತ್ತಿಕೊಂಡು ನೋಡಬಹುದು. ಶಾಲೆಯಿಂದ ಶಾಲೆಗೆ ಮಾತು ಬೇರೆಯಾದರೂ ಅದರಲ್ಲಿ ನಾಲ್ಕು ಹೇಳಿಕೆಗಳು ಬಹುಮಟ್ಟಿಗೆ ಇದ್ದೇ ಇರುತ್ತವೆ.

1. ಪರೀಕ್ಷೆಗೆ ಹೆದರಬೇಡಿ.
2. ಹತ್ತನೇ ತರಗತಿ ನಿಮ್ಮ ಜೀವನದ ದೊಡ್ಡ ತಿರುವು.
3. ಅಂಕಗಳೇ ಜೀವನವಲ್ಲ.
4. ಈ ಸಲ ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬರಬೇಕು.

ಒಂದೊಂದನ್ನೂ ಬಿಡಿಯಾಗಿ ಕೇಳಿದರೆ ತಪ್ಪೇನೂ ಕಾಣುವುದಿಲ್ಲ. ಒಟ್ಟಿಗೆ ಇಟ್ಟರೆ ಎರಡನೆಯದೂ ಮೂರನೆಯದೂ ಪರಸ್ಪರ ಜಗಳವಾಡುತ್ತವೆ, ನಾಲ್ಕನೆಯದು ಮೊದಲನೆಯದನ್ನು ಅಳಿಸುತ್ತದೆ. ಕೇಳುವ ಮಗು ದಡ್ಡನಲ್ಲ. ಎರಡು ವಿರುದ್ಧ ಹೇಳಿಕೆಗಳು ಒಂದೇ ಬಾಯಿಂದ ಬಂದಾಗ ಯಾವುದಕ್ಕೆ ಕಣ್ಣೆದುರು ಸಾಕ್ಷಿ ಇದೆಯೋ ಅದನ್ನೇ ಅದು ನಂಬುತ್ತದೆ. ಶಾಲೆಯ ಗೇಟಿನ ಮೇಲೆ ಕಳೆದ ವರ್ಷ ಹೆಚ್ಚು ಅಂಕ ಪಡೆದವರ ಫೋಟೊಗಳ ಫ್ಲೆಕ್ಸ್ ಇದೆ. ಪೋಷಕರ ಸಭೆಯಲ್ಲಿ ಅಂಕಪಟ್ಟಿ ಮುಂದಿಟ್ಟುಕೊಂಡೇ ಮಾತು ನಡೆದಿದೆ. ಮುಂದೆ ವಿಜ್ಞಾನವೋ ವಾಣಿಜ್ಯವೋ ಕಲೆಯೋ, ಯಾವ ಕಾಲೇಜೋ ಎಂಬುದು ಈ ಅಂಕದ ಮೇಲೇ ನಿಂತಿದೆ ಎಂದು ಮನೆಯಲ್ಲೂ ಕೇಳಿದ್ದಾಗಿದೆ. ಅಂಕಗಳೇ ಜೀವನವಲ್ಲ ಎಂಬುದಕ್ಕೆ ಆ ಆವರಣದಲ್ಲಿ ಸಾಕ್ಷಿ ಎಲ್ಲಿದೆ? ಆ ಮಾತು ಸತ್ಯವೇ ಆಗಿದ್ದರೂ ಅದನ್ನು ಹೇಳುತ್ತಿರುವ ಸ್ಥಳ ಅದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಹಾಗಾಗಿ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಎರಡನೆಯದು ಮತ್ತು ನಾಲ್ಕನೆಯದು: ಇದು ತಿರುವು, ನಾನು ತಪ್ಪಿದರೆ ಶಾಲೆಯ ನೂರಕ್ಕೆ ನೂರು ತಪ್ಪುತ್ತದೆ. ಧೈರ್ಯ ಹೇಳಲು ಏರ್ಪಾಟಾದ ಸಭೆಯಿಂದ ಮಗು ಹೊಸದೊಂದು ಹೊಣೆ ಹೊತ್ತುಕೊಂಡು ತರಗತಿಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಡೇವಿಡ್ ಪುಟ್ವೇನ್ ಎಂಬ ಸಂಶೋಧಕರು, ಪಬ್ಲಿಕ್ ಪರೀಕ್ಷೆಗೆ ಮುನ್ನ ಶಿಕ್ಷಕರು ಫೇಲಾದರೆ ಮುಂದೇನು ಗತಿ ಎಂದು ನೆನಪಿಸುವುದರ ಪರಿಣಾಮವನ್ನು ಹಲವು ವರ್ಷ ಅಧ್ಯಯನ ಮಾಡಿದ್ದಾರೆ. ಆ ಮಾತನ್ನು ಬೆದರಿಕೆಯಾಗಿ ತೆಗೆದುಕೊಂಡ ಮಕ್ಕಳಲ್ಲಿ ಆತಂಕ ಹೆಚ್ಚಿತ್ತು, ಫಲಿತಾಂಶ ಕಡಿಮೆಯಾಗಿತ್ತು. ಹೇಳುವವರ ಉದ್ದೇಶ ಹುರಿದುಂಬಿಸುವುದೇ ಆಗಿದ್ದರೂ, ಅದನ್ನು ಬೆದರಿಕೆ ಎಂದು ಕೇಳಿಸಿಕೊಳ್ಳುವವರು ಆಗಲೇ ಹೆದರಿದ ಮಕ್ಕಳು. ಅಂದರೆ ಯಾರಿಗಾಗಿ ಭಾಷಣ ಮಾಡುತ್ತೇವೆಯೋ ಅವರಿಗೇ ಅದು ಹೆಚ್ಚು ಚುಚ್ಚುತ್ತದೆ.

ನಾಲ್ಕನೆಯ ಹೇಳಿಕೆ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಬೇಕು. ಶಾಲೆಯ ಫಲಿತಾಂಶ ಕುಸಿದರೆ ಬಿಇಒ ಕಚೇರಿಯ ಪರಿಶೀಲನಾ ಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡಬೇಕಾದವರು ಮುಖ್ಯ ಶಿಕ್ಷಕಿ. ಖಾಸಗಿ ಶಾಲೆಯಾದರೆ ಆಡಳಿತ ಮಂಡಳಿ ಕೇಳುತ್ತದೆ, ಮುಂದಿನ ವರ್ಷದ ದಾಖಲಾತಿ ಕಡಿಮೆಯಾಗುತ್ತದೆ. ಶೇಕಡಾವಾರು ಫಲಿತಾಂಶದ ಒತ್ತಡ ಮೊದಲು ಅವರ ಮೇಲಿದೆ, ಅದು ನಿಜವಾದ ಒತ್ತಡ. ಅದನ್ನು ಅವರು ಅನುಭವಿಸುವುದರಲ್ಲಿ ತಪ್ಪಿಲ್ಲ. ಶಿಕ್ಷಕರ ಕೋಣೆಯಲ್ಲಿ ಸಹೋದ್ಯೋಗಿಗಳ ಮುಂದೆ ಇಟ್ಟು ಚರ್ಚಿಸಬೇಕಾದದ್ದೇ. ಆದರೆ ಶಾಲೆಯ ಸರಾಸರಿಯ ವಿಷಯದಲ್ಲಿ ಮಗು ಮಾಡಬಹುದಾದದ್ದು ಏನೂ ಇಲ್ಲ. ಅದು ತನ್ನ ಪತ್ರಿಕೆ ಬರೆಯಬಲ್ಲದು, ಅಷ್ಟೇ. ತಾನು ಏನೂ ಮಾಡಲಾಗದ ಸಂಗತಿಗೆ ತಾನೇ ಹೊಣೆ ಅನ್ನಿಸುವುದು ಆತಂಕ ಬೆಳೆಯಲು ಬೇಕಾದ ಹದವಾದ ನೆಲ. ಆದ್ದರಿಂದ ಫಲಿತಾಂಶದ ಗುರಿ ಪ್ರಾರ್ಥನಾ ಸಭೆಯ ಭಾಷಣದಿಂದ ಪೂರ್ತಿ ಹೊರಗಿರಬೇಕು ಎಂಬುದು ನನ್ನ ಮೊದಲ ನಿಶ್ಚಿತ ತೀರ್ಮಾನ. ಇದರಲ್ಲಿ ರಾಜಿಗೆ ಅವಕಾಶ ಕಾಣುವುದಿಲ್ಲ.

ಇನ್ನು ಹೆದರಬೇಡಿ ಎಂಬ ಮೊದಲ ಹೇಳಿಕೆ. ಇದು ಆಜ್ಞೆಯ ರೂಪದಲ್ಲಿದೆ. ಅದನ್ನು ಪಾಲಿಸುವ ದಾರಿ ಮಾತ್ರ ಅದರಲ್ಲಿಲ್ಲ. ಪುಸ್ತಕ ತೆರೆಯಿರಿ ಎಂದರೆ ಕೈ ಏನು ಮಾಡಬೇಕೆಂದು ಗೊತ್ತು. ಹೆದರಬೇಡಿ ಎಂದರೆ ಮಗು ಏನು ಮಾಡಬೇಕು? ಅದು ಮಾಡಬಹುದಾದದ್ದು ಒಂದೇ: ತನಗೆ ಹೆದರಿಕೆ ಆಗುತ್ತಿದೆಯೇ ಎಂದು ಒಳಗೆ ಇಣುಕಿ ನೋಡುವುದು. ಅಮೆರಿಕದ ಡ್ಯಾನಿಯೆಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗದಲ್ಲಿ, ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಅವರು ಮತ್ತೆ ಮತ್ತೆ ಗಂಟೆ ಬಾರಿಸಿದರು. ಆಮೇಲೆ ಯೋಚಿಸಬಹುದು ಎಂದು ಬಿಟ್ಟಾಗ, ಮೊದಲೇ ಯೋಚಿಸಲು ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಡಿತು. ಕರಡಿಯ ವಿಷಯದಲ್ಲಿ ಕಂಡದ್ದು ಪರೀಕ್ಷೆಯ ಭಯಕ್ಕೆ ಹಾಗೇ ಅನ್ವಯಿಸುತ್ತದೆ ಎಂದು ಹೇಳುವುದು ಅವಸರವಾದೀತು. ಆದರೂ ಬೇಡವೆಂದ ಯೋಚನೆ ಬಂತೇ ಎಂದು ಕಾವಲು ಕಾಯುವ ಮನಸ್ಸು ಆ ಯೋಚನೆಯ ಹತ್ತಿರವೇ ಸುತ್ತುತ್ತದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಮೇಲಾಗಿ, ಹೆದರಬೇಡಿ ಎಂದ ಮೇಲೂ ಹೆದರುವ ಮಗುವಿಗೆ ಭಯದ ಜೊತೆ ಇನ್ನೊಂದು ಸೋಲು ಅಂಟಿಕೊಳ್ಳುತ್ತದೆ: ದೊಡ್ಡ ಮೇಡಂ ಹೇಳಿದ್ದನ್ನೂ ನನ್ನಿಂದ ಪಾಲಿಸಲಾಗಲಿಲ್ಲ.

ಇಲ್ಲಿ ಅಸಲು ಗೊಂದಲಕ್ಕೆ ಬರುತ್ತೇವೆ. ಪರೀಕ್ಷೆಯ ಭಯ ಎಂದು ನಾವು ಕರೆಯುವುದರಲ್ಲಿ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ. 1967ರಲ್ಲಿ ಲೀಬರ್ಟ್ ಮತ್ತು ಮಾರಿಸ್ ಎಂಬ ಮನಶ್ಶಾಸ್ತ್ರಜ್ಞರು ಇವನ್ನು ಬಿಡಿಸಿ ತೋರಿಸಿದರು. ಒಂದು ದೇಹದ್ದು: ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಬಾಯಿ ಒಣಗುವುದು, ಹೊಟ್ಟೆಯಲ್ಲಿ ಸಂಕಟ. ಇನ್ನೊಂದು ಮನಸ್ಸಿನ ಮಾತು: ನನಗೆ ಬರುವುದಿಲ್ಲ, ಬೇರೆಯವರೆಲ್ಲ ಬರೆಯುತ್ತಿದ್ದಾರೆ, ಅಪ್ಪ ಏನೆನ್ನುತ್ತಾರೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬರುವುದಕ್ಕೆ ಹೆಚ್ಚಿನ ನಂಟು ಕಂಡುಬಂದದ್ದು ಎರಡನೆಯದರ ಜೊತೆಗೆ. ಕಾರಣವೂ ಊಹಿಸಬಹುದಾದದ್ದೇ. ಒಂದು ಲೆಕ್ಕ ಬಿಡಿಸುವಾಗ ಮಧ್ಯದ ಹಂತಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಲು ಇರುವ ಜಾಗ ಚಿಕ್ಕದು. ಅಪ್ಪ ಏನೆನ್ನುತ್ತಾರೆ ಎಂಬ ಯೋಚನೆ ಆ ಜಾಗದಲ್ಲೇ ಬಂದು ಕೂರುತ್ತದೆ. ಎದೆಬಡಿತ ಹಾಗೆ ಜಾಗ ಹಿಡಿಯುವುದಿಲ್ಲ. ಎದೆ ಹೊಡೆದುಕೊಳ್ಳುತ್ತಿದೆ, ಅಂದರೆ ನನಗೆ ಎಲ್ಲ ಮರೆತುಹೋಗುತ್ತಿದೆ ಎಂದು ಮಗು ಅರ್ಥ ಮಾಡಿಕೊಂಡಾಗ ಅದೂ ಚಿಂತೆಯಾಗಿ ಬದಲಾಗುತ್ತದೆ. ರೂಢಿಯ ಭಾಷಣ ಈ ಎರಡನ್ನೂ ಒಂದು ಮಾಡಿ, ಎರಡನ್ನೂ ಓಡಿಸಲು ನೋಡುತ್ತದೆ. ದೇಹದ್ದನ್ನು ಮಾತಿನಿಂದ ಓಡಿಸಲಾಗುವುದಿಲ್ಲ, ಓಡಿಸಬೇಕಾಗಿಯೂ ಇಲ್ಲ. ಅದರ ಅರ್ಥ ಇಷ್ಟೇ ಎಂದು ಹೇಳಬಹುದು. 2010ರಲ್ಲಿ ಜೆರೆಮಿ ಜೇಮೀಸನ್ ಮತ್ತು ಸಂಗಡಿಗರು ಜಿಆರ್‌ಇ ಪರೀಕ್ಷೆಗೆ ಸಿದ್ಧವಾಗುತ್ತಿದ್ದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ಪರೀಕ್ಷೆಯ ಹೊತ್ತಿನಲ್ಲಿ ಆಗುವ ಈ ಕಳವಳ ಬರವಣಿಗೆಯನ್ನು ಕೆಡಿಸುವುದಿಲ್ಲ, ನೆರವೂ ಆಗಬಹುದು ಎಂದು ಕೆಲವೇ ವಾಕ್ಯಗಳಲ್ಲಿ ತಿಳಿಸಿದರು. ಅಭ್ಯಾಸ ಪರೀಕ್ಷೆಯ ಗಣಿತ ಭಾಗದಲ್ಲಿ ಅವರು ಉಳಿದವರಿಗಿಂತ ಚೆನ್ನಾಗಿ ಮಾಡಿದರು. ಅದು ಸಣ್ಣ ಗುಂಪು, ವಯಸ್ಸಿನಲ್ಲಿ ದೊಡ್ಡವರು; ನಮ್ಮ ಹದಿನೈದರ ಮಕ್ಕಳಿಗೆ ಅಷ್ಟೇ ಫಲ ಸಿಗುತ್ತದೆಂದು ಖಾತ್ರಿ ಕೊಡಲಾಗದು. ಆದರೆ ಎರಡು ಮೂರು ವಾಕ್ಯದ ಖರ್ಚಿನಲ್ಲಿ, ಯಾರಿಗೂ ಕೇಡಿಲ್ಲದೆ, ಭಾಷಣವೊಂದು ಮಾಡಬಹುದಾದ ಕೆಲಸ ಇದು.

ಸ್ವಲ್ಪ ಭಯ ಇರಬೇಕು, ಇಲ್ಲದಿದ್ದರೆ ಯಾರೂ ಓದುವುದಿಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಶಿಕ್ಷಕರ ತರಬೇತಿಗಳಲ್ಲಿ ಬೋರ್ಡಿನ ಮೇಲೆ ಬೆಟ್ಟದ ಆಕಾರದ ಗೆರೆ ಎಳೆದು, ಒತ್ತಡ ಒಂದು ಮಟ್ಟದವರೆಗೆ ಒಳ್ಳೆಯದು, ಆಮೇಲೆ ಕೆಟ್ಟದು ಎಂದು ವಿವರಿಸುವುದೂ ಉಂಟು. ಆ ಗೆರೆಯ ಮೂಲ 1908ರ ಯರ್ಕ್ಸ್ ಮತ್ತು ಡಾಡ್ಸನ್ ಅವರ ಪ್ರಯೋಗ. ಅದರಲ್ಲಿ ಇದ್ದದ್ದು ಇಲಿಗಳು. ಅವು ಕಪ್ಪು ಮತ್ತು ಬಿಳಿ ಪೆಟ್ಟಿಗೆಗಳ ನಡುವೆ ಬಿಳಿಯದನ್ನು ಆರಿಸಲು ಕಲಿಯಬೇಕಿತ್ತು, ತಪ್ಪಿದರೆ ವಿದ್ಯುತ್ ಶಾಕ್. ಎರಡೂ ಪೆಟ್ಟಿಗೆಗಳ ವ್ಯತ್ಯಾಸ ಸುಲಭವಾಗಿ ಕಾಣುವಂತಿದ್ದಾಗ ಶಾಕ್ ಬಲವಾದಷ್ಟೂ ಇಲಿಗಳು ಬೇಗ ಕಲಿತವು. ವ್ಯತ್ಯಾಸ ಸೂಕ್ಷ್ಮವಾದಾಗ ಬಲವಾದ ಶಾಕ್ ಕಲಿಕೆಯನ್ನು ಹಿಂದಕ್ಕೆ ಎಳೆಯಿತು. ಇಲಿಗಳಿಂದ ಮಕ್ಕಳ ಬಗ್ಗೆ ಹೆಚ್ಚು ಹೇಳಲಾಗದು; ಹೇಳಲೇಬೇಕೆಂದರೆ ಈ ಪ್ರಯೋಗ ಹೆದರಿಸುವವರ ಪಕ್ಷ ವಹಿಸುವುದಿಲ್ಲ. ಕಷ್ಟದ, ಸೂಕ್ಷ್ಮವಾಗಿ ಬಿಡಿಸಿ ನೋಡಬೇಕಾದ ಕೆಲಸಕ್ಕೆ ಕಡಿಮೆ ಒತ್ತಡ ಬೇಕು ಎಂಬುದೇ ಅದರ ಸಾರ. ಗಣಿತದ ಪ್ರಮೇಯ ಯಾವ ಬಗೆಯ ಕೆಲಸವೆಂದು ಶಿಕ್ಷಕರಿಗೆ ಬೇರೆ ಹೇಳಬೇಕಿಲ್ಲ. ಅದೂ ಅಲ್ಲದೆ, ಆ ಸಭೆಯಲ್ಲಿ ಯಾರಿಗೆ ಎಷ್ಟು ಭಯವಿದೆ ಎಂದು ಅಳೆಯದೆ ಮೈಕಿನಿಂದ ಎಲ್ಲರಿಗೂ ಸಮನಾಗಿ ಸ್ವಲ್ಪ ಭಯ ಹಂಚುವುದು ಸಾಧ್ಯವೇ ಇಲ್ಲ.

ಹಾಗಾದರೆ ಮನಸ್ಸಿನ ಚಿಂತೆಗೆ ಭಾಷಣ ಏನು ಮಾಡಬಹುದು? ಚಿಂತೆಯಲ್ಲಿ ಒಂದು ಭಾಗ ಮನೆಯದು, ಅದನ್ನು ಮುಟ್ಟುವುದು ಪ್ರಾರ್ಥನಾ ಸಭೆಯಿಂದ ಆಗದು. ಅಪ್ಪ ಅಮ್ಮ ಆ ಸಾಲಿನಲ್ಲಿ ನಿಂತಿಲ್ಲ. ಇನ್ನೊಂದು ಭಾಗ ಗೊತ್ತಿಲ್ಲದಿರುವುದರಿಂದ ಬಂದದ್ದು: ಸಮಯ ಸಾಲದಿದ್ದರೆ? ಮೊದಲ ಪ್ರಶ್ನೆಯೇ ಬಾರದಿದ್ದರೆ? ಈ ಸಲ ಆಗದಿದ್ದರೆ ಒಂದು ವರ್ಷ ಹಾಳೇ? ಈ ಪ್ರಶ್ನೆಗಳಿಗೆ ಉತ್ತರ ಇದೆ, ಆ ಉತ್ತರ ಹೇಳುವ ಅಧಿಕಾರ ಮುಖ್ಯ ಶಿಕ್ಷಕಿಗಿದೆ. ಮಂಡಳಿಯ ಸುತ್ತೋಲೆ ಬರುವುದು ಅವರ ಮೇಜಿಗೆ. ಧೈರ್ಯ ಯಾರು ಬೇಕಾದರೂ ಹೇಳಬಹುದು. ನಿಯಮವನ್ನು ಖಚಿತವಾಗಿ ಹೇಳಿದಾಗ ನಂಬಿಕೆ ಬರುವುದು ಅವರ ಬಾಯಿಂದಲೇ. ಮಕ್ಕಳಿಗೆ ಗೊತ್ತಿರುವ ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಲಿಖಿತ ಪತ್ರಿಕೆ 80 ಅಂಕದ್ದು. ಪ್ರಶ್ನೆಪತ್ರಿಕೆ ಓದಿಕೊಳ್ಳಲು 15 ನಿಮಿಷ, ಬರೆಯಲು 3 ಗಂಟೆ. 3 ಗಂಟೆ ಅಂದರೆ 180 ನಿಮಿಷ. ಒಂದು ಅಂಕಕ್ಕೆ ಎರಡು ನಿಮಿಷದಂತೆ ಖರ್ಚು ಮಾಡಿದರೆ 160 ನಿಮಿಷ ಆಗುತ್ತದೆ, 20 ನಿಮಿಷ ಉಳಿಯುತ್ತದೆ. ಇಷ್ಟು ಲೆಕ್ಕ ತಲೆಯಲ್ಲಿದ್ದರೆ, ನಾಲ್ಕು ಅಂಕದ ಲೆಕ್ಕವೊಂದರಲ್ಲಿ ಸಿಕ್ಕಿಕೊಂಡ ಮಗುವಿಗೆ ಯಾವಾಗ ಬಿಟ್ಟು ಮುಂದೆ ಹೋಗಬೇಕೆಂಬ ಗೆರೆ ಸಿಗುತ್ತದೆ: ಎಂಟು ನಿಮಿಷ. ಪರೀಕ್ಷಾ ಕೊಠಡಿಯಲ್ಲಿ ಕೈಕಾಲು ಬಿಡುವ ಮಕ್ಕಳ ವಿಷಯದಲ್ಲಿ ಅನುಭವಿ ಶಿಕ್ಷಕರು ಹೇಳುವುದು ಬಹುಮಟ್ಟಿಗೆ ಒಂದೇ: ಒಂದು ಪ್ರಶ್ನೆಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಕಳೆದು, ಗಡಿಯಾರ ನೋಡಿ ಬೆಚ್ಚಿ, ಬರುತ್ತಿದ್ದುದನ್ನೂ ಬಿಟ್ಟು ಬರುವುದು. ಬಿಡುವ ಗೆರೆ ಮೊದಲೇ ಗೊತ್ತಿದ್ದರೆ ಬಿಡುವುದು ಸೋಲು ಅನ್ನಿಸುವುದಿಲ್ಲ, ನಿಯಮ ಅನ್ನಿಸುತ್ತದೆ.

ಈ ವಾದವನ್ನು ಒಪ್ಪಿದರೆ ಭಾಷಣ ಹೇಗಿದ್ದೀತು ಎಂದು ಬರೆದೇ ತೋರಿಸಬೇಕು. ಪರೀಕ್ಷೆಗೆ ನಾಲ್ಕೈದು ವಾರ ಇರುವಾಗ, ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳು ಕೈಗೆ ಬಂದ ವಾರ, ಇದನ್ನು ಹೇಳಬಹುದು. ಪರೀಕ್ಷೆಯ ಮುಂಚಿನ ದಿನ ಹೇಳಿದರೆ ಅಭ್ಯಾಸ ಮಾಡಲು ಸಮಯವಿರುವುದಿಲ್ಲ.

“ಮಕ್ಕಳೇ, ಹತ್ತನೇ ತರಗತಿಯವರಿಗೆ ಮೂರು ವಿಷಯ ಹೇಳುತ್ತೇನೆ. ಎಂಟು, ಒಂಬತ್ತನೇ ತರಗತಿಯವರೂ ಕೇಳಿಸಿಕೊಳ್ಳಿ, ನಿಮಗೂ ಕೆಲಸಕ್ಕೆ ಬರುತ್ತದೆ.

ಮೊದಲನೆಯದು. ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತಿಗೆ ಎದೆ ಹೊಡೆದುಕೊಳ್ಳಬಹುದು, ಕೈ ತಣ್ಣಗಾಗಬಹುದು, ಬಾಯಿ ಒಣಗಬಹುದು. ಹಾಗಾಯಿತೆಂದು ಓದಿದ್ದು ಮರೆತುಹೋಯಿತು ಅಂದುಕೊಳ್ಳಬೇಡಿ. ಕ್ರೀಡಾಕೂಟದಲ್ಲಿ ಓಟದ ಗೆರೆಯ ಮೇಲೆ ನಿಂತಾಗಲೂ ನಿಮ್ಮ ಎದೆ ಹೀಗೇ ಹೊಡೆದುಕೊಂಡಿತ್ತು, ಆಮೇಲೆ ನೀವು ಓಡಿದಿರಿ. ಕೆಲಸಕ್ಕೆ ಸಿದ್ಧವಾಗುವಾಗ ಮೈ ಹೀಗೆ ಮಾಡುತ್ತದೆ. ಅದು ನಿಲ್ಲಲಿ ಎಂದು ಕಾಯಬೇಡಿ, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಓದಲು ಶುರು ಮಾಡಿ.

ಎರಡನೆಯದು. ಮೊದಲ ಹದಿನೈದು ನಿಮಿಷ ಓದುವುದಕ್ಕೆ. ಆ ಹೊತ್ತಿನಲ್ಲಿ ಚೆನ್ನಾಗಿ ಬರುವ ಒಂದು ಪ್ರಶ್ನೆ ಹುಡುಕಿಟ್ಟುಕೊಳ್ಳಿ. ಬರೆಯುವ ಗಂಟೆ ಹೊಡೆದಾಗ ಅದನ್ನೇ ಮೊದಲು ಬರೆಯಿರಿ, ಪ್ರಶ್ನೆಯ ಸಂಖ್ಯೆ ಸರಿಯಾಗಿ ಹಾಕಿ. ಗಣಿತ, ವಿಜ್ಞಾನ, ಸಮಾಜ, ಮೂರಕ್ಕೂ ಒಂದೇ ಲೆಕ್ಕ: ಒಂದು ಅಂಕಕ್ಕೆ ಎರಡು ನಿಮಿಷ. ಎಲ್ಲರೂ ಹೇಳಿ: ಒಂದು ಅಂಕಕ್ಕೆ ಎರಡು ನಿಮಿಷ. ನಾಲ್ಕು ಅಂಕದ ಪ್ರಶ್ನೆಗೆ ಎಷ್ಟು? ಎಂಟು. ಎಂಟು ನಿಮಿಷವಾದರೂ ಮುಗಿಯದಿದ್ದರೆ ಜಾಗ ಬಿಟ್ಟು ಮುಂದಿನದಕ್ಕೆ ಹೋಗಿ. ಹೀಗೆ ಹೋದರೆ ಕೊನೆಗೆ ಇಪ್ಪತ್ತು ನಿಮಿಷ ಉಳಿಯುತ್ತದೆ, ಆಗ ಬಿಟ್ಟದ್ದಕ್ಕೆ ವಾಪಸ್ ಬನ್ನಿ. ಈ ವಾರದಿಂದ ತರಗತಿಯ ಕಿರು ಪರೀಕ್ಷೆಗಳನ್ನೂ ಹೀಗೇ ಬರೆಯುತ್ತೀರಿ.

ಮೂರನೆಯದು. ಯಾವುದಾದರೂ ವಿಷಯ ಕೈಕೊಟ್ಟರೆ ಇದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ. ಈ ವರ್ಷದ ನಿಯಮ ಸೂಚನಾ ಫಲಕದಲ್ಲಿದೆ, ಓದಿಕೊಳ್ಳಿ. ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಏನೂ ಬೇಡ ಅನ್ನಿಸುತ್ತಿದೆ ಎನ್ನುವವರು ಇದ್ದರೆ, ಮಧ್ಯಾಹ್ನ ಊಟವಾದ ಮೇಲೆ ಗ್ರಂಥಾಲಯಕ್ಕೆ ಬನ್ನಿ. ನಿಮ್ಮ ವಿಜ್ಞಾನದ ಮೇಡಂ ದಿನವೂ ಅಲ್ಲಿರುತ್ತಾರೆ. ಯಾಕೆ ಬಂದೆ ಎಂದು ಗದರುವುದಿಲ್ಲ, ನಿಮಗೆ ತಿಳಿಸದೆ ಮನೆಗೆ ಫೋನ್ ಮಾಡುವುದಿಲ್ಲ. ರಾತ್ರಿ ಹೊತ್ತು ಆದರೆ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಒಂದು, ನಾಲ್ಕು, ನಾಲ್ಕು, ಒಂದು, ಆರು.

ಇಷ್ಟೇ. ಸಾಲಾಗಿ ತರಗತಿಗೆ ಹೋಗಿ.”

ಮಕ್ಕಳು ಒಟ್ಟಿಗೆ ಉತ್ತರಿಸಲು ಬಿಡುವ ಹೊತ್ತೂ ಸೇರಿ ಇದು ನಾಲ್ಕು ನಿಮಿಷದ ಒಳಗೆ ಮುಗಿಯುತ್ತದೆ. ಇದರಲ್ಲಿ ಇರುವುದಕ್ಕಿಂತ ಇಲ್ಲದಿರುವುದನ್ನು ಸಮರ್ಥಿಸಿಕೊಳ್ಳುವುದು ಹೆಚ್ಚು ಅಗತ್ಯ. ಶಾಲೆಯಲ್ಲಿ ಹಿಂದೆ ಬಿದ್ದು ಆಮೇಲೆ ದೊಡ್ಡವರಾದವರ ಕಥೆ ಇದರಲ್ಲಿಲ್ಲ. ಅಂಥ ಕಥೆ ಕೇಳಿದ ಕ್ಷಣಕ್ಕೆ ಹಿತವಾಗುತ್ತದೆ. ಆದರೆ ಹಿಂದೆ ಬಿದ್ದು ಮುಂದೆ ಬರದವರು ಅದರಲ್ಲಿ ಕಾಣುವುದಿಲ್ಲ, ನಾಳೆ ಎಂಟು ನಿಮಿಷದಲ್ಲಿ ಏನು ಮಾಡಬೇಕೆಂದೂ ಅದು ಹೇಳುವುದಿಲ್ಲ. ಪರೀಕ್ಷೆಗೆ ಹೆದರಿ ಪ್ರಾಣ ಕಳೆದುಕೊಂಡ ಮಕ್ಕಳ ಸುದ್ದಿಯನ್ನು ಎಚ್ಚರಿಕೆಗೆಂದು ಹೇಳುವ ಪರಿಪಾಠವೂ ಕೆಲವೆಡೆ ಇದೆ, ಅದನ್ನು ನಿಲ್ಲಿಸಲೇಬೇಕು. ಪತ್ರಿಕೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಸಲಹೆಯಲ್ಲೇ, ಅಂಥ ಸಾವಿಗೆ ಒಂದೇ ಒಂದು ಸರಳ ಕಾರಣ ಅಂಟಿಸಬೇಡಿ, ವಿವರಿಸಿ ಬರೆಯಬೇಡಿ, ನೆರವು ಎಲ್ಲಿ ಸಿಗುತ್ತದೆಂದು ತಿಳಿಸಿ ಎಂದಿದೆ. ವಯಸ್ಕ ಓದುಗರಿಗೆ ಬೇಕಾದ ಆ ಎಚ್ಚರ ಸಾಲಾಗಿ ನಿಂತ ಮಕ್ಕಳ ಮುಂದೆ ಇನ್ನೂ ಹೆಚ್ಚು ಬೇಕು. ಪರೀಕ್ಷೆ ಕೆಟ್ಟರೆ ಹೀಗೂ ಆಗುತ್ತದೆ ಎಂಬ ಜೋಡಣೆಯನ್ನು ನಾವೇ ಅವರ ತಲೆಯಲ್ಲಿ ಮಾಡಿಕೊಡಬಾರದು. ಆ ಸಂಕಟದಲ್ಲಿರುವ ಮಗುವಿಗೆ ಬೇಕಾದದ್ದು ಒಂದು ಬಾಗಿಲು, ಅದೂ ನಿಜವಾಗಿ ತೆರೆದಿರುವ ಬಾಗಿಲು. ನನ್ನ ಕೋಣೆಗೆ ಯಾವಾಗ ಬೇಕಾದರೂ ಬನ್ನಿ ಎಂದು ಮುಖ್ಯ ಶಿಕ್ಷಕಿ ಹೇಳುವುದುಂಟು, ಆದರೆ ಆ ಕೋಣೆಗೆ ಮಕ್ಕಳು ಹೋಗುವುದು ಕರೆಸಿದಾಗ ಮಾತ್ರ, ಕರೆಸುವುದು ತಪ್ಪು ಮಾಡಿದಾಗ ಮಾತ್ರ. ಆದ್ದರಿಂದಲೇ ಬೇರೆ ಸ್ಥಳ, ಗೊತ್ತಾದ ಹೊತ್ತು, ಮಕ್ಕಳು ಬಲ್ಲ ಒಬ್ಬ ಶಿಕ್ಷಕಿ. 14416 ಎಂಬುದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸೇವೆ. ಅದರ ಮೇಲುಸ್ತುವಾರಿ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಆ ಸಂಖ್ಯೆಯನ್ನು ಬಿಡಿಬಿಡಿಯಾಗಿ ಇನ್ನೊಮ್ಮೆ ಹೇಳಿಸಿರುವುದು ಬೇಕೆಂತಲೇ. ಬರೆದುಕೊಳ್ಳಲಾಗದ ಕೇಳುಗರಿಗೆ ಅದೊಂದೇ ದಾರಿ.

ಈಗ ಗಂಭೀರವಾದ ಆಕ್ಷೇಪಗಳನ್ನು ನೋಡೋಣ. ಮತ್ತೆ ಬರೆಯುವ ಅವಕಾಶವಿದೆ ಎಂದು ಮೈಕಿನಲ್ಲಿ ಹೇಳಿದರೆ ಮಕ್ಕಳು ಸಡಿಲವಾಗುತ್ತಾರೆ ಎಂದು ಅನೇಕ ಶಿಕ್ಷಕರು ಪ್ರಾಮಾಣಿಕವಾಗಿ ಅಂಜುತ್ತಾರೆ. ಕೆಲವರು ಸಡಿಲವಾಗುವುದು ಸಾಧ್ಯ, ಅದನ್ನು ಅಲ್ಲಗಳೆಯಲಾರೆ. ಆದರೆ 2024ರಿಂದ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು ಎಂಬ ವ್ಯವಸ್ಥೆ ಬಂದದ್ದು ಗುಟ್ಟೇನಲ್ಲ. ಹಾಯಾಗಿರುವ ಹುಡುಗರಿಗೆ ಅದು ಆಗಲೇ ಗೊತ್ತಿದೆ, ಅವರು ಲೆಕ್ಕವನ್ನೂ ಹಾಕಿದ್ದಾರೆ. ಗೊತ್ತಿದ್ದೂ ನಂಬದವರು, ಅದು ತಮಗಲ್ಲ ಎಂದುಕೊಂಡವರು ಹೆದರಿದ ಮಕ್ಕಳು. ಹೇಳದೇ ಇರುವುದರಿಂದ ಸಡಿಲವಾಗುವವರಿಗೆ ಏನೂ ಬದಲಾಗುವುದಿಲ್ಲ, ಹೆದರಿದವರಿಗೆ ಮಾತ್ರ ನಷ್ಟ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುವುದರಿಂದ ಮುಖ್ಯ ಶಿಕ್ಷಕಿ ನೆನಪಿನಿಂದ ಹೇಳದೆ ಆ ವರ್ಷದ ಸುತ್ತೋಲೆ ನೋಡಿಯೇ ಹೇಳಬೇಕು. ಒಂದು ನಿಯಮ ತಪ್ಪಾಗಿ ಹೇಳಿದರೆ ಉಳಿದ ಎರಡು ಮಾತುಗಳ ನಂಬಿಕೆಯೂ ಹೋಗುತ್ತದೆ.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಒತ್ತಡ ಇಷ್ಟು ದೊಡ್ಡ ಸಮಸ್ಯೆಯಾಗಿರುವಾಗ ನಾಲ್ಕು ನಿಮಿಷ ಯಾಕೆ? ವಾರಕ್ಕೊಂದು ದಿನ ಧ್ಯಾನ, ಉಸಿರಾಟ, ಭಾವನೆಗಳ ಚರ್ಚೆ ಇಡೀ ಶಾಲೆಗೇ ಇಡಬಾರದೇಕೆ? ಒಳ್ಳೆಯ ಮನಸ್ಸಿನ ಪ್ರಶ್ನೆ. ಆದರೆ ಎಲ್ಲರಿಗೂ ಒಂದೇ ಮದ್ದು ಕೊಟ್ಟರೆ ಎಲ್ಲರಿಗೂ ಪ್ರಯೋಜನವಾಗುತ್ತದೆ ಎಂಬ ಊಹೆಯ ಮೇಲೆ ಅದು ನಿಂತಿದೆ, ಆ ಊಹೆ ಅಷ್ಟು ಭದ್ರವಲ್ಲ. ಬ್ರಿಟನ್ನಿನಲ್ಲಿ ಮಿರಿಯಡ್ ಎಂಬ ದೊಡ್ಡ ಅಧ್ಯಯನ 8 ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ಒಳಗೊಂಡು, ತರಗತಿಯಲ್ಲಿ ಎಲ್ಲರಿಗೂ ಕಲಿಸುವ ಮನೋಜಾಗೃತಿಯ ತರಬೇತಿಯಿಂದ ಫಲವೇನು ಎಂದು ನೋಡಿತು. ಫಲಿತಾಂಶ 2022ರಲ್ಲಿ ಬಂತು: ಮಾಮೂಲಿ ಪಾಠಕ್ಕಿಂತ ಅದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಇದರಿಂದ ಧ್ಯಾನವೇ ವ್ಯರ್ಥ ಎಂದಾಗುವುದಿಲ್ಲ. ಬಯಸಿ ಕಲಿಯುವವರ ಮಾತು ಬೇರೆ. ಗುಂಪಿಗೆ ಗುಂಪನ್ನೇ ಕೂರಿಸಿ ನಿಮ್ಮ ಒಳಗೆ ಏನಾಗುತ್ತಿದೆ ಗಮನಿಸಿ ಎನ್ನುವುದು ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ ಎಂಬಷ್ಟು ಎಚ್ಚರ ಇದರಿಂದ ಸಿಗುತ್ತದೆ. ಎಂಟನೇ ತರಗತಿಯ ಮಗು, ಇಲ್ಲಿಯವರೆಗೆ ಪರೀಕ್ಷೆಯೆಂದರೆ ಮಾಮೂಲಿ ಎಂದುಕೊಂಡಿದ್ದ ಮಗು, ಇಪ್ಪತ್ತು ನಿಮಿಷ ಒತ್ತಡದ ಲಕ್ಷಣಗಳನ್ನು ಕೇಳಿದ ಮೇಲೆ ತನ್ನಲ್ಲಿ ಅವನ್ನು ಹುಡುಕಲು ಶುರು ಮಾಡಬಹುದು. ಭಾಷಣವನ್ನು ನಾಲ್ಕು ನಿಮಿಷಕ್ಕೆ ಕಟ್ಟಿಹಾಕುವುದಕ್ಕೆ ನನಗೆ ಕಾಣುವ ಬಲವಾದ ಕಾರಣ ಇದು. ಹೆಚ್ಚಿನ ನೆರವು ಬೇಕಾದವರು ಆ ಗುಂಪಿನಲ್ಲಿ ಕೆಲವರು. ಅವರಿಗೆ ಹೆಚ್ಚು ಸಮಯ ಕೊಡಬೇಕಾದದ್ದು ಗ್ರಂಥಾಲಯದ ಕೋಣೆಯಲ್ಲಿ, ಒಬ್ಬೊಬ್ಬರಿಗೆ ಬೇರೆಬೇರೆಯಾಗಿ.

ಇಂಥ ಮಾತು ಒಣಕಲು, ಮಕ್ಕಳ ಹೃದಯ ಮುಟ್ಟುವುದಿಲ್ಲ ಎನ್ನುವವರಿಗೆ ಕೊಡಬಹುದಾದ ಉತ್ತರವನ್ನು ಪರೀಕ್ಷಿಸಿಯೇ ನೋಡಬಹುದು. ಭಾಷಣವಾದ ದಿನ ಮಧ್ಯಾಹ್ನ, ಹಿಂದಿನ ಸಾಲಿನಲ್ಲಿ ನಿಂತಿದ್ದ ಮೂವರು ಮಕ್ಕಳನ್ನು ಬೇರೆಬೇರೆಯಾಗಿ ಮಾತಾಡಿಸಿ, ಬೆಳಿಗ್ಗೆ ಮೇಡಂ ಏನು ಹೇಳಿದರು ಎಂದು ಕೇಳಬೇಕು. ಚೆನ್ನಾಗಿ ಮಾತಾಡಿದರು, ಹೆದರಬೇಡಿ ಎಂದರು ಎಂಬ ಉತ್ತರ ಬಂದರೆ ಏನೂ ದಾಟಿಲ್ಲ. ಒಂದು ಅಂಕಕ್ಕೆ ಎರಡು ನಿಮಿಷ, ಊಟ ಆದ ಮೇಲೆ ಗ್ರಂಥಾಲಯ ಎಂದು ಮೂವರಲ್ಲಿ ಇಬ್ಬರಾದರೂ ಹೇಳಿದರೆ ದಾಟಿದೆ. ಎದೆಬಡಿತದ ಮಾತು ಯಾರ ನೆನಪಿನಲ್ಲೂ ಉಳಿಯದೆ ಉಳಿದೆರಡು ಉಳಿದಿದ್ದರೆ, ಮುಂದಿನ ವಾರ ಅದೊಂದನ್ನೇ ಒಂದು ನಿಮಿಷದಲ್ಲಿ ಮತ್ತೆ ಹೇಳಬಹುದು. ಗ್ರಂಥಾಲಯಕ್ಕೆ ಎರಡು ವಾರವಾದರೂ ಒಂದು ಮಗುವೂ ಬಾರದಿದ್ದರೆ ಸಂಕಟದಲ್ಲಿರುವವರು ಯಾರೂ ಇಲ್ಲ ಎಂದು ನೆಮ್ಮದಿಪಡುವ ಬದಲು, ಆ ಹೊತ್ತಿಗೆ ಕೋಣೆಯ ಬಾಗಿಲು ತೆರೆದಿತ್ತೇ, ಆ ಶಿಕ್ಷಕಿಗೆ ಅದೇ ಹೊತ್ತಿನಲ್ಲಿ ಬಿಸಿಯೂಟದ ಮೇಲ್ವಿಚಾರಣೆಯನ್ನೂ ವಹಿಸಲಾಗಿದೆಯೇ ಎಂದು ಮೊದಲು ಹೋಗಿ ನೋಡಬೇಕು.